ಸೆಂಡಾ ಹೊಡೆದುಹಾಕಿದ ಸಾಲು

ಇಲೋಯಿಲೋ ಪಟ್ಟಣದ ಲಾ ಪಾಸ್ ಬೀದಿಯಲ್ಲಿ, ಔಷಧದಂಗಡಿಯ ಮಹಡಿಯ ಮೇಲೆ, ಪರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಕಚೇರಿಯೊಂದಿದೆ. ಸರ್ಕಾರದ ಪರವಾನಗಿ ಇರುವ ಕಚೇರಿ. ಅಲ್ಲಿ ಕಿಟಕಿ ಪಕ್ಕದ ಮೇಜು ರೊಸೆಂಡಾ ಮಗ್ಬಾನುವಾಳದು. ಊರಿಗೆಲ್ಲ ಅವಳು ಸೆಂಡಾ ಅಕ್ಕ. ಕೆಲಸ ಬಲ್ಲವರನ್ನು ಹುಡುಕಿ, ಫೋನಿನಲ್ಲಿ ಸಂದೇಶ ಬರೆದು, ಕಚೇರಿಗೆ ಬರುವಂತೆ ಮಾಡುವುದು ಅವಳ ಉದ್ಯೋಗ. ಕೇಳಲು ಸುಲಭ. ಆದರೆ ಕಳ್ಳರೂ ಇದೇ ಉದ್ಯೋಗ ಮಾಡುವ ಊರಿನಲ್ಲಿ ಒಳ್ಳೆಯವಳೆಂದು ತೋರಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅವಳನ್ನೇ ಕೇಳಬೇಕು.

ಮೊದಮೊದಲು ಅವಳು ಯಜಮಾನ ಅರ್ನುಲ್ಫೋ ಬರೆದುಕೊಟ್ಟದ್ದನ್ನೇ ಕಳಿಸುತ್ತಿದ್ದಳು. 'ತುರ್ತು! ತುರ್ತು! ಕೈತುಂಬ ಸಂಬಳ! ಕೆಲವೇ ಜಾಗ ಉಳಿದಿವೆ! ಇಂದೇ ಉತ್ತರಿಸಿ!' ಒಬ್ಬ ದಾದಿ ಉತ್ತರವನ್ನೇನೋ ಕೊಟ್ಟಳು: "ಇನ್ನೆಷ್ಟು ಜನರ ಮನೆ ಹಾಳು ಮಾಡ್ತೀಯ? ನಿನ್ನ ಮಕ್ಕಳಿಗೆ ಒಳ್ಳೇದಾಗಲ್ಲ." ಸೆಂಡಾಗೆ ಮಕ್ಕಳಿಲ್ಲ. ಆದರೂ ಮಧ್ಯಾಹ್ನದ ಊಟದೊಳಗೆ ಆ ಮಾತನ್ನು ನಾಲ್ಕು ಸಲ ತೆಗೆದು ಓದಿದಳು.

ಅವಳಿಗೆ ಆ ಮಾತು ನಾಟಲು ಬೇರೆಯದೇ ಕಾರಣವಿತ್ತು. ಅವಳ ತಂಗಿ ನಿಲ್ಡಾ ಇಂಥದೇ ಸಂದೇಶವೊಂದನ್ನು ನಂಬಿ ಹೋದವಳು. ತಿರುಗಿ ಬಂದಳು, ಆದರೆ ಹೋದ ನಿಲ್ಡಾ ಬರಲಿಲ್ಲ. ಈಗಲೂ ಫೋನು ಗುಂಯ್ ಎಂದರೆ ಬೆಚ್ಚಿ, ಅಡುಗೆಮನೆಯ ಮೂಲೆಗೆ ಹೋಗಿ ನಿಲ್ಲುತ್ತಾಳೆ. ಅಕ್ಕ ಹೊಟ್ಟೆಪಾಡಿಗೆ ಏನು ಮಾಡುತ್ತಾಳೆಂದು ಅವಳು ಒಂದು ದಿನವೂ ಕೇಳಿಲ್ಲ.

"ಈ ಸಂದೇಶಾನ ನಾವೇ ಹೊಸದಾಗಿ ಬರೆಯೋಣ ಮಾರೆ" ಎಂದಳು ಎದುರು ಮೇಜಿನ ಪರ್ಲಿತಾ. ಪರ್ಲಿತಾಳ ಮಗಳು ಎಲಿಸಿಯಾಳನ್ನು ದೀಕ್ಷಾಸ್ನಾನದ ದಿನ ಇಗರ್ಜಿಯಲ್ಲಿ ತೋಳಿನಲ್ಲಿ ಹಿಡಿದು ನಿಂತ ದೇವತಾಯಿ ಸೆಂಡಾ. ಹಾಗೆ ಒಂದು ಮಗುವಿಗೆ ಇಬ್ಬರು ತಾಯಂದಿರಾದ ಹೆಂಗಸರು ಒಬ್ಬರನ್ನೊಬ್ಬರು 'ಮಾರೆ' ಎಂದೇ ಕರೆಯುವುದು. ಒಡಹುಟ್ಟಿದವಳಿಗಿಂತ ಹತ್ತಿರದ ಸಂಬಂಧ ಅದು. ಜಗಳವಾಡಬಹುದು, ಬಿಡುವಂತಿಲ್ಲ.

ಊಟದ ಹೊತ್ತಿನಲ್ಲಿ ಬಿಸಿ ನೂಡಲ್ ಸಾರಿನ ಬಟ್ಟಲು ಮುಂದಿಟ್ಟುಕೊಂಡು ಇಬ್ಬರೂ ಬರೆಯಲು ಕುಳಿತರು. ಸಂದೇಶ ಸಿಕ್ಕ ಹುಡುಗಿ ತಾನೇ ಎಂಬಂತೆ ಪರ್ಲಿತಾ ಅನುಮಾನದ ಪಿಶಾಚಿಯಾದಳು.

"ನನ್ನ ನಂಬರು ನಿನಗೆ ಯಾರು ಕೊಟ್ರಮ್ಮ?"

ಹಾಗೊಂದು ಸಾಲು ಹುಟ್ಟಿತು: 'ತರಬೇತಿ ಶಾಲೆಯ ಉದ್ಯೋಗ ಮೇಳದಲ್ಲಿ ನೀವೇ ಬರೆದುಕೊಟ್ಟ ಹಾಳೆಯಿಂದ ನಿಮ್ಮ ಹೆಸರು ಸಿಕ್ಕಿತು.'

"ಸಂಬಳ ಇಷ್ಟೊಂದಾ? ಪೂರ್ತಿ ಕೈಗೆ ಸಿಗುತ್ತಾ, ಇಲ್ಲ ಮೂಗಿಗೆ ತುಪ್ಪ ಸವರ್ತಿದ್ದೀಯಾ?"

ಕಚೇರಿಯ ಪರವಾನಗಿ ನಂಬರು, ಜಪಾನಿನ ವೃದ್ಧಾಶ್ರಮದ ಹೆಸರು, ಊರು, ಸಂಬಳ, ಅದರಲ್ಲಿ ತೆರಿಗೆಗೂ ಬಾಡಿಗೆಗೂ ಹೋಗುವುದೆಷ್ಟು, ಎಲ್ಲ ಸೇರಿತು. ಭಾಷೆಯ ಪರೀಕ್ಷೆ ಪಾಸಾಗಬೇಕು, ತಿಂಗಳುಗಳೇ ಹಿಡಿಯುತ್ತವೆ ಎಂಬುದನ್ನೂ ಸೆಂಡಾ ಬರೆದಳು. ಕಷ್ಟವನ್ನು ಮುಚ್ಚಿಡುವವನು ಕಳ್ಳ ಎಂಬುದು ಅವಳ ಲೆಕ್ಕ. 'ಈ ಕೆಲಸಕ್ಕೆ ನೀವು ನಮಗೆ ಹಣ ಕೊಡುವಂತಿಲ್ಲ. ಈ ಸಂದೇಶಕ್ಕೆ ಉತ್ತರವಾಗಿ ಪಾಸ್‌ಪೋರ್ಟಿನ ಚಿತ್ರ, ಬ್ಯಾಂಕಿನ ವಿವರ ಕಳಿಸಬೇಡಿ. ಅವಸರವಿಲ್ಲ, ಮನೆಯವರಿಗೆ ಓದಿ ಹೇಳಿ.'

"ಇಷ್ಟೆಲ್ಲ ಕಳ್ಳನೂ ಬರೀತಾನೆ" ಎಂದಳು ಪರ್ಲಿತಾ, ಚಮಚ ನೆಕ್ಕುತ್ತ. "ಪರವಾನಗಿ ನಂಬರು ಕದಿಯೋದೇನು ದೊಡ್ಡ ಕೆಲಸ?"

ಆಗ ಸೆಂಡಾ ಬರೆದದ್ದೇ ಎಲ್ಲಕ್ಕಿಂತ ಗಟ್ಟಿಯಾದ ಸಾಲು: 'ಇಲ್ಲಿ ಬರೆದದ್ದನ್ನು ನಂಬಬೇಡಿ. ವಲಸೆ ಕಾರ್ಮಿಕರ ಇಲಾಖೆಯ ಪಟ್ಟಿಯಲ್ಲಿ ನಮ್ಮ ಕಚೇರಿಯನ್ನು ನೀವೇ ಹುಡುಕಿ. ಅಲ್ಲಿರುವ ನಂಬರಿಗೆ ಫೋನು ಮಾಡಿ ನನ್ನನ್ನು ಕೇಳಿ.'

ಪರ್ಲಿತಾ ಇನ್ನೊಂದು ಸಾಲು ಹೇಳಿದಳು. "ಇದನ್ನೂ ಹಾಕು ಮಾರೆ: 'ನನ್ನ ತಂಗಿ ನಿಲ್ಡಾ ಇಂಥದೇ ಸಂದೇಶ ನಂಬಿ ಮೋಸಹೋದಳು, ಈಗಲೂ ಫೋನಿನ ಸದ್ದಿಗೆ ಹೆದರುತ್ತಾಳೆ. ಆದ್ದರಿಂದ ನಿಮ್ಮ ಅನುಮಾನ ನನಗೆ ಗೊತ್ತು.' ಕಲ್ಲೂ ಕರಗುತ್ತೆ ನೋಡು."

ಸೆಂಡಾ ಬರೆದಳು, ಓದಿದಳು, ಅದರ ಮೇಲೆ ಗೀಟು ಎಳೆದಳು.

"ಬೇಡ. ಇದು ನಿಜವೋ ಸುಳ್ಳೋ ಅಂತ ಆ ಹುಡುಗಿ ಯಾರನ್ನ ಕೇಳ್ತಾಳೆ? ಪರೀಕ್ಷೆ ಮಾಡೋಕಾಗದ ಮಾತು ನಮ್ಮ ಕಾಗದದಲ್ಲಿ ಇರಬಾರದು. ಆಮೇಲೆ, ನಿಲ್ಡಾ ಮಾರೋ ಸರಕಲ್ಲ."

"ಅಯ್ಯೋ ಸಾಧ್ವೀಮಣಿ, ನಿನ್ನ ಜೊತೆ ಆಗಲ್ಲ ನನಗೆ" ಎಂದು ನಕ್ಕು ಪರ್ಲಿತಾ ಅವಳ ಬಟ್ಟಲಿನ ಮೊಟ್ಟೆಯನ್ನೂ ಎತ್ತಿಕೊಂಡು ತಿಂದಳು. ಗೀಟು ಬಿದ್ದ ಸಾಲನ್ನು ಅವರಿಬ್ಬರ ಹೊರತು ಯಾರೂ ನೋಡಲಿಲ್ಲ, ಯಾರಿಗೂ ಅದು ಹೋಗಲೂ ಇಲ್ಲ.

ಅಲ್ಲಿಂದ ಮುಂದೆ ಕಚೇರಿಯ ಫೋನು ಬಡಿದುಕೊಳ್ಳತೊಡಗಿತು. "ಪಟ್ಟಿಯಲ್ಲಿ ನೋಡಿ ಮಾಡಿದ್ದು, ಸೆಂಡಾ ಅಕ್ಕ ಇದ್ದಾರಾ?" ಎಂಬ ದನಿಗಳು. ಅರ್ನುಲ್ಫೋ ಕೂಡ "ಏನು ಮಾಟ ಮಾಡಿದ್ರಮ್ಮ ನೀವು" ಎಂದ. ಜನ ಸಂದೇಶವನ್ನು ಒಬ್ಬರಿಗೊಬ್ಬರು ಕಳಿಸುತ್ತ 'ಇದು ಸೆಂಡಾ ಅಕ್ಕನದು, ನಂಬಬಹುದು' ಎಂದು ಕೆಳಗೆ ಬರೆಯುತ್ತಿದ್ದರು. ನಂಬಬೇಡಿ ಎಂದು ಬರೆದ ಸಂದೇಶಕ್ಕೇ ಈ ಮರ್ಯಾದೆ! ನಮ್ಮ ಊರಿನವರೇ ಹಾಗೆ. ಒಬ್ಬಳ ಹೆಸರನ್ನು ಒಮ್ಮೆ ನಂಬಿದರೆ ಆಮೇಲೆ ಪಟ್ಟಿ ಗಿಟ್ಟಿ ನೋಡುವ ಗೋಜಿಗೆ ಹೋಗುವುದಿಲ್ಲ. ಸೆಂಡಾ ಕೂಡ ಅದನ್ನು ಕಂಡು ಒಳಗೊಳಗೇ ಬೀಗಿದಳು, ತಿದ್ದಲಿಲ್ಲ.

ಆ ವರ್ಷದ ಕೊನೆಗೆ ಪರ್ಲಿತಾ ಕೆಲಸ ಬಿಟ್ಟಳು. ಮೀನು ಮಾರುಕಟ್ಟೆಯ ಹತ್ತಿರ ಊಟದ ಅಂಗಡಿ ಹಾಕುತ್ತೇನೆಂದಳು. ಸೆಂಡಾ ಅತ್ತು ಕಳಿಸಿಕೊಟ್ಟಳು. ಅಂಗಡಿ ಯಾವತ್ತು ತೆರೆಯುತ್ತೆ ಎಂದು ಕೇಳಿದಾಗಲೆಲ್ಲ, "ಸ್ವಲ್ಪ ತಾಳು ಮಾರೆ, ಒಲೆ ಬರಬೇಕು" ಎಂಬ ಉತ್ತರ.

ಮಾವಿನ ಕಾಲದಲ್ಲಿ ಒಂದು ಬೆಳಿಗ್ಗೆ ಗಿಮರಾಸ್ ದ್ವೀಪದಿಂದ ದೋಣಿ ಹತ್ತಿ ಅನಲಿಜಾ ಎಂಬ ಹುಡುಗಿ ಬಂದಳು. ಕೈಯಲ್ಲಿ ಹಣ್ಣಿನ ಬುಟ್ಟಿ.

"ಸೆಂಡಾ ಅಕ್ಕನಿಗೆ ಕೊಡಬೇಕು. ಶುಕ್ರವಾರ ಹೊರಡ್ತೀನಲ್ಲ, ಕೆಲಸ ಕೊಡಿಸಿದವರಿಗೆ ಬರಿಗೈಲಿ ಹೇಗೆ ಹೇಳಿ ಹೋಗೋದು? ಕಚೇರಿಗೆ ಬರೋದು ಬೇಡ, ಎಲ್ಲ ಫೋನಲ್ಲೇ ಮುಗಿಯುತ್ತೆ ಅಂದಿದ್ರು. ಅವ್ವ ಕೇಳಲಿಲ್ಲ."

"ನಾನೇ ಸೆಂಡಾ" ಎಂದಳು ಸೆಂಡಾ. "ಯಾವ ಕೆಲಸಮ್ಮ?"

ಹುಡುಗಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. "ನೀವಲ್ಲ. ಸೆಂಡಾ ಅಕ್ಕನ ಜೊತೆ ನಾನು ದಿನಾ ಮಾತಾಡ್ತೀನಿ. ಅವರ ದನಿ ನನಗೆ ಗೊತ್ತಿಲ್ವಾ?"

ಸೆಂಡಾ ಸಂದೇಶ ತೋರಿಸಲು ಕೇಳಿಕೊಂಡಳು. ಓದುತ್ತ ಹೋದಳು. ಅವಳದೇ ಮಾತುಗಳು, ಅವಳದೇ ಹೆಸರು, ಕಚೇರಿಯ ನಿಜವಾದ ವಿಳಾಸ, ನಿಜವಾದ ಪರವಾನಗಿ. ಕೆಲಸ ಮಾತ್ರ ಬ್ಯಾಂಕಾಕಿನ ಹೋಟೆಲಿನಲ್ಲಿ. ಇಲಾಖೆಯ ಪಟ್ಟಿ ನೋಡಿ ಎಂಬಲ್ಲಿ 'ಅನುಮಾನವಿದ್ದರೆ ಈ ನಂಬರಿಗೇ ಕರೆ ಮಾಡಿ' ಎಂದಿತ್ತು. ಕೊನೆಗೆ, ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕೇಳಿದರೆ ಪ್ರವಾಸಕ್ಕೆ ಹೊರಟಿದ್ದೇನೆ ಎನ್ನಿ, ಕೆಲಸದ ಪರವಾನಗಿ ಪತ್ರ ಅಲ್ಲಿಗೆ ಹೋದ ಮೇಲೆ ಸಿಗುತ್ತದೆ ಎಂದಿತ್ತು. ಹಾಗೆ ಹೋದವರು ಹೋಟೆಲು ಸೇರುವುದಿಲ್ಲ. ರಾತ್ರೋರಾತ್ರಿ ಗಡಿ ದಾಟಿಸಿ, ಬೇಲಿ ಹಾಕಿದ ಕಟ್ಟಡದೊಳಗೆ ಕೂಡಿಹಾಕಿ, ಫೋನಿನಲ್ಲಿ ಪರರಿಗೆ ಟೋಪಿ ಹಾಕುವ ಕೆಲಸಕ್ಕೆ ಹಚ್ಚುತ್ತಾರೆ. ಸೆಂಡಾಗೆ ಇದೆಲ್ಲ ಗೊತ್ತಿತ್ತು.

ಇಷ್ಟನ್ನು ಯಾವ ಕಳ್ಳನೂ ನಕಲು ಮಾಡಿರಬಹುದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕಣ್ಣಿಗೆ ಬಿತ್ತು: 'ನನ್ನ ತಂಗಿ ನಿಲ್ಡಾ ಇಂಥದೇ ಸಂದೇಶ ನಂಬಿ ಮೋಸಹೋದಳು, ಈಗಲೂ ಫೋನಿನ ಸದ್ದಿಗೆ ಹೆದರುತ್ತಾಳೆ.'

ಸೆಂಡಾ ಎದುರಿನ ಖಾಲಿ ಮೇಜನ್ನು ನೋಡಿದಳು.

"ಆ ಸಾಲು ಓದಿನೇ ಅವ್ವ ಒಪ್ಪಿದ್ದು" ಎಂದಳು ಅನಲಿಜಾ. "ಕಷ್ಟ ಕಂಡವರು ಮೋಸ ಮಾಡಲ್ಲ ಅಂದ್ಲು. ನೀವು ಯಾರು? ಇಲ್ಲಿ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡೋರು ಇದ್ದಾರೆ ಅಂತ ಅವರೇ ಹೇಳಿದ್ರು."

ಹೇಳಿದ್ದೆಲ್ಲ ಹೊಟ್ಟೆಕಿಚ್ಚೆಂದೇ ಕೇಳಿಸುವ ಹಾಗೆ ಅವಳ ಕಿವಿಯನ್ನು ಮೊದಲೇ ಕಟ್ಟಿಟ್ಟಿದ್ದರು. ಗುರುತಿನ ಚೀಟಿ ತೋರಿಸಿದರೆ ಚೀಟಿಯೂ ಸುಳ್ಳೆನ್ನುತ್ತಾಳೆ. ಅತ್ತರೆ ನಾಟಕವೆನ್ನುತ್ತಾಳೆ. ಶುಕ್ರವಾರ ಇವಳು ಹೋಗುವುದು ಖಂಡಿತ. ಸೆಂಡಾಗೆ ಉಳಿದದ್ದು ಒಂದೇ ಮಾತು.

"ನನ್ನ ನಂಬಬೇಡ ಮಗಳೇ. ಅವಳನ್ನೂ ನಂಬಬೇಡ. ನಿನ್ನ ಫೋನಲ್ಲೇ ಇಲಾಖೆಯ ಪಟ್ಟಿ ತೆಗಿ. ನಾನು ಮುಟ್ಟಲ್ಲ. ನಮ್ಮ ಕಚೇರಿ ಹುಡುಕು. ಅಲ್ಲಿರೋ ನಂಬರಿಗೆ ಮಾಡು. ಎಲ್ಲಿ ಹೊಡ್ಕೊಳ್ಳುತ್ತೆ ಅಂತ ನೀನೇ ಕೇಳು."

ಅನಲಿಜಾ ಅರೆಮನಸ್ಸಿನಿಂದ ಹುಡುಕಿದಳು, ನಂಬರನ್ನು ಎರಡು ಸಲ ಸರಿನೋಡಿ ಒತ್ತಿದಳು. ಕಿಟಕಿ ಪಕ್ಕದ ಮೇಜಿನ ಮೇಲೆ, ಮಾವಿನ ಬುಟ್ಟಿಯ ಮಗ್ಗುಲಲ್ಲೇ ಫೋನು ಹೊಡೆದುಕೊಂಡಿತು. ಹುಡುಗಿ ಕರೆ ನಿಲ್ಲಿಸಿದಳು, ಮೇಜಿನ ಸದ್ದೂ ನಿಂತಿತು.

"ಮತ್ತೆ ಅವಳು ಯಾರು?"

ಸೆಂಡಾ ತನ್ನ ಫೋನಿನಿಂದ, ನಂಬರು ಆ ಕಡೆ ಕಾಣದ ಹಾಗೆ ಮಾಡಿ, ಸಂದೇಶದ ನಂಬರಿಗೆ ಕರೆ ಮಾಡಿದಳು.

"ಹಲೋ, ಸೆಂಡಾ ಅಕ್ಕ ಮಾತಾಡ್ತಿರೋದು" ಎಂದಿತು ಆ ಕಡೆಯ ದನಿ. ಮೊಟ್ಟೆ ಎತ್ತಿಕೊಂಡು ನಕ್ಕಿದ್ದ ಅದೇ ದನಿ.

"ಮಾರೆ" ಎಂದಳು ಸೆಂಡಾ.

ಆ ಕಡೆ ಬೀದಿಯ ಜೀಪಿನ ಹಾರ್ನು ಕೇಳಿಸಿತು.

"ನಾನು ಬರೆದುಕೊಡ್ತೀನಿ, ಮಾತಾಡ್ತೀನಿ ಅಷ್ಟೇ" ಎಂದಳು ಪರ್ಲಿತಾ. "ಅಲ್ಲಿ ಏನಾಗುತ್ತೋ ನಾನು ನೋಡಿಲ್ಲ."

"ನೋಡಿಲ್ವಾ? ನಿಲ್ಡಾ ವಾಪಸ್ ಬಂದಾಗ ಅವಳಿಗೆ ತಲೆಸ್ನಾನ ಮಾಡಿಸಿದವಳು ನೀನೇ ಅಲ್ವಾ?"

"ಎಲಿಸಿಯಾನ ಓದಿಸಬೇಕು ಮಾರೆ. ಈ ಕಚೇರಿ ಸಂಬಳದಲ್ಲಿ ಆಗ್ತಿತ್ತಾ?"

"ಆ ಮಗೂನ ಎತ್ಕೊಂಡು ನಿಂತಿದ್ದು ನಾನು. ನನ್ನ ಕೇಳಬಾರದಿತ್ತಾ?"

"ನೀನು ಕೊಡ್ತಿದ್ದೆ, ಗೊತ್ತು." ದನಿ ತುಸು ತಗ್ಗಿತು, ಮತ್ತೆ ಗಟ್ಟಿಯಾಯಿತು. "ಒಂದು ಮಾತು ಹೇಳ್ಲಾ? ಆ ಸಾಲು ಚೆನ್ನಾಗಿ ಕೆಲಸ ಮಾಡುತ್ತೆ. ನೀನು ಅದನ್ನ ಹೊಡೆದುಹಾಕಬಾರದಿತ್ತು."

ಕರೆ ನಿಂತಿತು. ಸೆಂಡಾ ಫೋನನ್ನು ಮಾವಿನ ಬುಟ್ಟಿಯ ಪಕ್ಕ ಇಟ್ಟಳು. ಅಪರಿಚಿತ ಕಳ್ಳನಾಗಿದ್ದರೆ ಶಪಿಸಿ ಸುಮ್ಮನಾಗಬಹುದಿತ್ತು. ಪರ್ಲಿತಾ ಓದುವವರ ಅನುಮಾನಗಳನ್ನೆಲ್ಲ ಎದುರಿಗೆ ಕೂತು ಕೇಳಿದ್ದಳು, ಒಂದೊಂದಕ್ಕೂ ಸೆಂಡಾಳಿಂದಲೇ ಉತ್ತರ ಬರೆಸಿಕೊಂಡಿದ್ದಳು. ಆಗ ಕಳ್ಳತನದ ಯೋಚನೆ ಇತ್ತೋ ಆಮೇಲೆ ಬಂತೋ, ಅದು ತಿಳಿಯುವುದು ಇನ್ನು ಸಾಧ್ಯವಿಲ್ಲ. ಆ ಊಟದ ಹೊತ್ತುಗಳೆಲ್ಲ ಹಳಸಿಹೋದವು.

ಅದೇ ಮಧ್ಯಾಹ್ನ ಅನಲಿಜಾಳನ್ನು ಕರೆದುಕೊಂಡು ಇಲಾಖೆಯ ಕಚೇರಿಗೆ ಹೋಗಿ ದೂರು ಬರೆಸಿದಳು. ಆರೋಪಿಯ ಹೆಸರು ಗೊತ್ತೇ ಎಂದು ಗುಮಾಸ್ತ ಕೇಳಿದ. ಸೆಂಡಾ ಹೆಸರು ಹೇಳಿದಳು. ನಿಮಗೇನಾಗಬೇಕು ಎಂದ. "ನನ್ನ ದೇವಮಗಳ ತಾಯಿ" ಎಂದಳು. ಅವನು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದ, ಆಮೇಲೆ ಬರೆದುಕೊಂಡ. ಪೊಲೀಸರು ಹೋಗುವಷ್ಟರಲ್ಲಿ ಪರ್ಲಿತಾಳ ಮನೆಗೆ ಬೀಗ ಬಿದ್ದಿತ್ತು. ಎಲಿಸಿಯಾಳಿಂದಲೂ ಸುದ್ದಿಯಿಲ್ಲ.

ಸೆಂಡಾ ಈಗಲೂ ಅದೇ ಸಂದೇಶ ಕಳಿಸುತ್ತಾಳೆ. ಪಟ್ಟಿಯ ಸಾಲನ್ನು ಕೆಳಗಿನಿಂದ ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾಳೆ. ಯಾರಾದರೂ 'ಸೆಂಡಾ ಅಕ್ಕನದು, ನಂಬಬಹುದು' ಎಂದು ಬರೆದರೆ ಅವರಿಗೆ ಫೋನು ಮಾಡಿ ಬೈದು ಆ ಮಾತನ್ನು ಅಳಿಸಿಹಾಕಿಸುತ್ತಾಳೆ.

ಮೊನ್ನೆ ಮೇಜಿನ ಫೋನು ಹೊಡೆದುಕೊಂಡಿತು. ಪಟ್ಟಿಯಲ್ಲಿ ನೋಡಿ ಮಾಡಿದ್ದು, ಎಂದಿತು ಒಂದು ಎಳೆಯ ದನಿ. ಸೆಂಡಾಗೆ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು.

"ಸೆಂಡಾ ಅಕ್ಕಾ, ಮೊದಲು ಒಂದು ಕೇಳ್ಲಾ? ಸಂದೇಶದಲ್ಲಿ ಬರೆದಿದ್ರಲ್ಲ, ನಿಮ್ಮ ತಂಗಿ, ಈಗ ಹೇಗಿದ್ದಾರೆ?"

ಅದು ಮನಸಾರೆ ಕೇಳಿದ ಪ್ರಶ್ನೆ. ಅಷ್ಟು ವರ್ಷದಲ್ಲಿ ನಿಲ್ಡಾ ಹೇಗಿದ್ದಾಳೆಂದು ಅಷ್ಟು ಅಕ್ಕರೆಯಿಂದ ಕೇಳುತ್ತಿದ್ದವಳು ಪರ್ಲಿತಾ ಒಬ್ಬಳೇ. ಸೆಂಡಾ ಪೆನ್ನು ತೆಗೆದು ಆ ಕರೆಯ ನಂಬರು ಬರೆದುಕೊಂಡಳು.

"ನನ್ನ ತಂಗಿ ಸುದ್ದಿ ನಾನು ಯಾರಿಗೂ ಬರೆದವಳಲ್ಲ, ಮಗಳೇ" ಎಂದಳು. "ಆ ಸಾಲು ಎಲ್ಲಿ ಕಂಡರೂ ಅದು ನಾನಲ್ಲ."