ಟ್ರೇಯಲ್ಲಿ ತೋರಿಸಿದ ಗಡ್ಡೆ

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಂಪೋಸಿಷನ್ ಚೆನ್ನಾಗಿ ಕಲಿಸಿದ್ದರು. ಪೆಥಾಲಜಿಸ್ಟ್ ಆದ ಮೇಲೂ ನನ್ನ ರಿಪೋರ್ಟ್‌ಗಳು ಪ್ಯಾರಾಗ್ರಾಫ್‌ಗಳಲ್ಲೇ ಇರುತ್ತಿದ್ದವು. ರಿಟೈರ್ ಆಗಿ ಕೋಲಾರದ ಈ ಪುಟ್ಟ ಲ್ಯಾಬಿಗೆ ಬಂದು ಕೂತ ಮೇಲೂ ಹಾಗೇ ಬರೆಯುತ್ತಿದ್ದೆ. ಓದಲು ಎಷ್ಟು ಚೆಂದ ಎಂದು ಹೇಳುವವರು ಆಗ ಇದ್ದರು.

ಈಗ ಬೆಂಗಳೂರಿನ ಕ್ಯಾನ್ಸರ್ ಡಾಕ್ಟರುಗಳಿಗೆ ಪ್ಯಾರಾಗ್ರಾಫ್ ಬೇಡ. ಸಿನಾಪ್ಟಿಕ್ ಬೇಕು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಎದುರಿಗೊಂದು ಟಿಕ್. ಕುರುಡುಮಲೆ ಕಡೆಯ ಹೆಂಗಸೊಬ್ಬಳ ಸ್ತನದ ಗಡ್ಡೆಯ ಬಗ್ಗೆ ನಾನು ಬರೆದಿದ್ದ ರಿಪೋರ್ಟೂ ಹಾಗೇ ವಾಪಸ್ ಬಂತು. ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆದಿದ್ದರು. ಮುಂದೆ ರೇಡಿಯೇಷನ್ ಕೊಟ್ಟರೆ ಸಾಕೋ, ಇನ್ನೊಮ್ಮೆ ಕುಯ್ಯಬೇಕೋ ಎನ್ನುವುದು ನನ್ನ ಚೆಕ್‌ಲಿಸ್ಟ್ ನೋಡಿ ತೀರ್ಮಾನವಾಗಬೇಕಿತ್ತು.

ಬರೆದದ್ದನ್ನು ಮುಂದಿಟ್ಟುಕೊಂಡು ತುಂಬಿಸುತ್ತಾ ಹೋದೆ. ಗ್ರೇಡ್: ಟ್ಯೂಬ್ಯೂಲ್‌ಗೆ ಮೂರು, ನ್ಯೂಕ್ಲಿಯಸ್‌ಗೆ ಎರಡು, ಮೈಟೋಸಿಸ್‌ಗೆ ಎರಡು; ಒಟ್ಟು ಏಳು, ಅಂದರೆ ಗ್ರೇಡ್ ಟೂ. ಗಡ್ಡೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು, ಟಿ ಟೂ. ಕಂಕುಳಿನ ಲಿಂಫ್ ನೋಡ್‌ಗಳು ಹನ್ನೆರಡು ಸಿಕ್ಕಿದ್ದವು. ಒಂದರಲ್ಲಿ ಕ್ಯಾನ್ಸರ್, ಎನ್ ಒನ್. ಸ್ಟೇಜ್ ಟೂ ಬಿ. ಎಲ್ಲಾ ಸಲೀಸಾಗಿ ಸಾಗಿತು.

ಮಾರ್ಜಿನ್, ಅಂದರೆ ಕುಯ್ದು ತೆಗೆದ ತುಂಡಿನ ಅಂಚು, ಅದರ ಹತ್ತಿರ ಬಂದು ನಿಂತೆ.

ಪ್ಯಾರಾಗ್ರಾಫಿನಲ್ಲಿ ನಾನು ಬರೆದಿದ್ದೆ: ಗಡ್ಡೆ ಮೊದಲೇ ಸೀಳಿದ ಸ್ಥಿತಿಯಲ್ಲಿ ಬಂದಿದೆ, ಅಂಚುಗಳು, ನೋಡಲು ಸಾಧ್ಯವಾದ ಮಟ್ಟಿಗೆ, ಮುಕ್ತವಾಗಿರುವಂತೆ ತೋರುತ್ತವೆ, ಒಂದು ಜಾಗದ ಹೊರತು. ಎಷ್ಟು ನಯವಾದ ಸೆಂಟೆನ್ಸ್! ಚೆಕ್‌ಲಿಸ್ಟಿನಲ್ಲಿ ಆ ನಯಕ್ಕೆ ಜಾಗವಿರಲಿಲ್ಲ. ಅಂಚು ಮುಕ್ತ, ಅಂಚಿನಲ್ಲಿ ಕ್ಯಾನ್ಸರ್ ಇದೆ, ಹೇಳಲಾಗದು. ಮೂರರಲ್ಲಿ ಒಂದಕ್ಕೆ ಟಿಕ್ ಹಾಕಬೇಕು.

ಗಡ್ಡೆ ಇಡಿಯಾಗಿ ಬಂದರೆ ಅದರ ಮೈಗೆಲ್ಲ ಇಂಕ್ ಬಳಿದು, ಆಮೇಲೆ ಕತ್ತರಿಸಿ ಸ್ಲೈಡ್ ಮಾಡುತ್ತೇವೆ. ಕ್ಯಾನ್ಸರ್ ಜೀವಕೋಶ ಇಂಕಿಗೆ ತಾಗಿದ್ದರೆ ಸ್ತನದೊಳಗೆ ಇನ್ನೂ ಉಳಿದಿರಬಹುದು, ತಾಗದಿದ್ದರೆ ಕ್ಲಿಯರ್. ಇದು ಎರಡು ಹೋಳಾಗಿ, ಹಿಂಡಿದ ಬೆಣ್ಣೆಯ ಹಾಗೆ ಬಂದಿತ್ತು. ಮೇಲು ಯಾವುದು, ಪಕ್ಕ ಯಾವುದು ಎಂದು ಗುರುತಿಗೆ ಹೊಲಿಗೆಯ ದಾರವೂ ಇರಲಿಲ್ಲ. ಇಂಕ್ ಸೀಳಿನೊಳಕ್ಕೆ ಇಳಿದಿತ್ತು. ಒಂದು ಸ್ಲೈಡಿನಲ್ಲಿ ಕ್ಯಾನ್ಸರ್ ಇಂಕನ್ನು ಮುಟ್ಟಿ ಕೂತಿತ್ತು. ಅದು ನಿಜವಾದ ಅಂಚೋ, ಚಾಕು ಮಾಡಿದ ಅಂಚೋ, ದೇವರಿಗೇ ಗೊತ್ತು.

ಮುಳಬಾಗಿಲಿನ ನರ್ಸಿಂಗ್ ಹೋಮಿನ ಸರ್ಜನ್‌ಗೆ ಫೋನ್ ಮಾಡಿದೆ.

“ಫ್ರೀ ಅಂತ ಟಿಕ್ ಹಾಕ್ಬಿಡಿ ಮೇಡಂ. ತೆಗ್ದಿರೋನು ನಾನು, ನನಗೆ ಗೊತ್ತಿಲ್ವಾ?”

“ತೆಗೆದ ಮೇಲೆ ಸೀಳಿದ್ದು ಯಾರಪ್ಪಾ?”

“ಅಯ್ಯೋ, ಗಂಡ ಥಿಯೇಟರ್ ಬಾಗಿಲಲ್ಲೇ ನಿಂತಿದ್ನಲ್ಲಾ. ತೋರಿಸ್ದೆ ಹೋದ್ರೆ ಗಡ್ಡೆ ತೆಗ್ದೇ ಇಲ್ಲ ಅಂತ ಊರೆಲ್ಲಾ ಸಾರ್ತಾರೆ. ಟ್ರೇಯಲ್ಲಿಟ್ಟು ಕುಯ್ದು ತೋರಿಸ್ದೆ. ಎಲ್ರೂ ಮಾಡೋದೇ.”

ಎಲ್ಲರೂ ಮಾಡುತ್ತಾರೆ, ನಿಜ. ನನ್ನ ಸರ್ವಿಸ್ ಪೂರ್ತಿ ಇಂಥ ಹೋಳುಗಳನ್ನು ನೋಡಿದ್ದೇನೆ. ಬೇಡಿರಪ್ಪಾ ಎಂದು ಹೇಳಿ ಸಾಕಾಗಿದೆ. ‘ಹೇಳಲಾಗದು’ ಎಂಬುದಕ್ಕೆ ಟಿಕ್ ಹಾಕಿದೆ.

ರಿಪೋರ್ಟ್ ಒಯ್ಯಲು ಗಂಡ ಹೆಂಡತಿ ಇಬ್ಬರೂ ಬಂದರು. ಹಿಪ್ಪುನೇರಳೆ ಬೆಳೆಯುವ ಜನ. ಗಡ್ಡೆ ಸೀಳಿ ಬಂದದ್ದರಿಂದ ಅಂಚಿನ ಬಗ್ಗೆ ಹೇಳಲಾಗದು ಎಂದು ನಾನು ಬಿಡಿಸಿ ಹೇಳುತ್ತಿದ್ದಂತೆ ಗಂಡನಿಗೆ ರೇಗಿತು.

“ಹೇಳಕ್ಕಾಗಲ್ಲ ಅಂದ್ರೆ ಏನಮ್ಮಾ? ನಾನೇ ಕಣ್ಣಾರೆ ನೋಡಿದೀನಿ. ಆಲೂಗಡ್ಡೆ ಹೋಳು ಮಾಡ್ದಂಗೆ ಮಾಡಿ ತೋರ್ಸಿದ್ರು. ಪೂರ್ತಿ ಬಂದೈತೆ!”

“ಊರ್ಕೋ,” ಎಂದು ಹೆಂಡತಿ ತೆಲುಗಿನಲ್ಲಿ ಅವನ ಬಾಯಿ ಮುಚ್ಚಿಸಿದಳು. “ದೊಡ್ಡ ಡಾಕ್ಟ್ರು ಇವ್ನು. ನೋಡಿದ್ನಂತೆ.” ಆಮೇಲೆ ನನ್ನ ಕಡೆ ತಿರುಗಿ, “ಇದು ಉಳೀತದಾ ಅಮ್ಮಾ?” ಎಂದು ಸೆರಗಿನ ಮೇಲೆ ಕೈಯಿಟ್ಟು ಕೇಳಿದಳು.

“ಬೆಂಗಳೂರಲ್ಲಿ ಹೇಳ್ತಾರಮ್ಮ,” ಎಂದೆ.

ಬೆಂಗಳೂರಿನಲ್ಲಿ ಹೇಳಿದರು. ಯಾವ ಬದಿಯಲ್ಲಿ ಇನ್ನಷ್ಟು ತೆಗೆಯಬೇಕೆಂದು ತಿಳಿಯುವಂತಿಲ್ಲ, ಸ್ತನವೂ ಚಿಕ್ಕದು. ಆದ್ದರಿಂದ ಪೂರ್ತಿ ತೆಗೆಯುವುದೇ ಸೇಫ್. ಊರಿಗೆ ಹತ್ತಿರವೆಂದು ಅದೇ ಮುಳಬಾಗಿಲಿನಲ್ಲಿ, ಅದೇ ಸರ್ಜನ್ ತೆಗೆದರು.

ಈ ಸಲ ಇಡಿಯಾಗಿ ಬಂತು. ದೊಡ್ಡ ಡಬ್ಬಿ, ಮುಳುಗುವಷ್ಟು ಫಾರ್ಮಲಿನ್, ಮೇಲಿನ ಅಂಚಿಗೆ ಗಿಡ್ಡ ದಾರ, ಪಕ್ಕದ ಅಂಚಿಗೆ ಉದ್ದ ದಾರ. ಟೆಕ್ಸ್ಟ್‌ಬುಕ್ಕಿನ ಚಿತ್ರದ ಹಾಗೆ. ಇಂಕ್ ಬಳಿದೆ, ಕತ್ತರಿಸಿದೆ, ಹಳೆಯ ಗಾಯದ ಸುತ್ತ ಎಲ್ಲೆಡೆಯಿಂದ ತುಣುಕು ತೆಗೆದು ನೋಡಿದೆ. ಉಳಿದ ಗಡ್ಡೆ: ಇಲ್ಲ. ಅಂಚು: ಮುಕ್ತ. ಇಷ್ಟು ಕ್ಲೀನ್ ಆದ ಚೆಕ್‌ಲಿಸ್ಟನ್ನು ನಾನು ಎಂದೂ ತುಂಬಿರಲಿಲ್ಲ.

ಸರ್ಜನ್ ಫೋನಿನಲ್ಲಿ ನಕ್ಕರು. “ನಾನು ಹೇಳಿರ್ಲಿಲ್ವಾ ಮೇಡಂ?”

ಫೋನ್ ಇಟ್ಟುಬಿಟ್ಟೆ.

ಮಾರನೆಯ ವಾರ ಅವಳು ಬಂದಳು. ಗಂಡ ಒಳಗೆ ಬರಲಿಲ್ಲ, ಬಾಗಿಲಾಚೆ ಚಪ್ಪಲಿಗಳ ಹತ್ತಿರ ನಿಂತಿದ್ದ.

“ಅದ್ರಲ್ಲಿ ಏನೂ ಇರ್ಲಿಲ್ವಂತೆ?”

“ಇರಲಿಲ್ಲಮ್ಮ.”

ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. “ಚೆನ್ನಾಗಿ ಬಂದಿತ್ತಾ ಈ ಸಲ?”

“ತುಂಬಾ ಚೆನ್ನಾಗಿ.”

“ನಾನೇ ಹೇಳಿದ್ದೆ,” ಎಂದಳು, ಬಾಗಿಲ ಕಡೆ ನೋಡುತ್ತಾ. “ಮತ್ತಿನ ಇಂಜೆಕ್ಷನ್ ಕೊಡೋಕೆ ಮುಂಚೆ ಡಾಕ್ಟ್ರ ಕೈ ಹಿಡ್ಕೊಂಡು ಹೇಳ್ದೆ. ಈ ಸಲ ಯಾರಿಗೂ ತೋರಿಸ್ಬೇಡಿ ಸ್ವಾಮಿ ಅಂತ.”