ಒಂದೇ ಅಳತೆಯ ಹತ್ತು ಚಪಾತಿ

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನು ನಕ್ಕರೂ ಇವತ್ತು ನೀರು ಜಾಸ್ತಿ ಹಾಕಿದಾನೆ ಅಂದುಕೊಳ್ಳೋಳು ನಾನು. ಬಿಟಿಎಂ ಲೇಔಟಿನಲ್ಲಿ ಮೂವತ್ತೆಂಟು ಹುಡುಗೀರ ಪಿಜಿ ನಡೆಸೋಳಿಗೆ ಇಷ್ಟೂ ಅನುಮಾನ ಇರದಿದ್ರೆ ಹೇಗೆ ಹೇಳಿ?

ನಮ್ಮ ಅಡುಗೆಯವರಿಗೆ ಮಣಿಕಟ್ಟು ನೋವು ಶುರುವಾಗಿತ್ತು. ಅನ್ನ, ಸಾರು, ಪಲ್ಯ ಮಾಡ್ತೀನಿ, ಚಪಾತಿ ಮಾತ್ರ ನನ್ನ ಕೈಲಾಗಲ್ಲ ಅಂದುಬಿಟ್ರು. ಅದೇ ವಾರ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿಂದ ಒಂದು ಮೆಸೇಜ್ ಬಂತು.

“ನಮಸ್ಕಾರ ಸಾರ್ / ಮೇಡಂ. ನಾವು ತಿಲಕ್ ನಗರದಲ್ಲಿ ಮನೆಯಲ್ಲೇ ದಿನಾ ತಾಜಾ ಚಪಾತಿ ಮಾಡುತ್ತೇವೆ. ಗೋಧಿ ಹಿಟ್ಟು ಮಾತ್ರ. ಮೈದಾ ಇಲ್ಲ, ಸೋಡಾ ಇಲ್ಲ. ಪಿಜಿ, ಮೆಸ್‌ಗಳಿಗೆ ಸಂಜೆ ಏಳಕ್ಕೆ ಬಿಸಿಯಾಗಿ ತಲುಪಿಸುತ್ತೇವೆ. ಮೊದಲು ಸ್ಯಾಂಪಲ್ ತಿಂದು ನೋಡಿ, ಹಿಡಿಸಿದರೆ ಮಾತಾಡೋಣ.”

ನನಗೆ ಬೇಕಾದ ಹೊತ್ತಿಗೆ ಬೇಕಾದ್ದೇ ಬಂದ್ರೆ ಅನುಮಾನ ಬರಲ್ವಾ? ಅದೂ ಅಲ್ಲದೆ ಹೋದ ವರ್ಷ ಒಬ್ಬ ಹೀಗೇ ಮನೆ ಚಪಾತಿ, ಮನೆ ಚಪಾತಿ ಅಂತ ಎರಡು ತಿಂಗಳು ಕೊಟ್ಟಿದ್ದ. ಒಂದಿನ ಒಬ್ಬಳ ತಟ್ಟೇಲಿ ಎರಡು ಚಪಾತಿ ನಡುವೆ ಪ್ಲಾಸ್ಟಿಕ್ ಹಾಳೆ ಸಿಕ್ತು. ಅರ್ಧ ಬೇಯಿಸಿದ ಪ್ಯಾಕೆಟ್ ಚಪಾತಿ ತಂದು ಬಿಸಿ ಮಾಡಿ ನನ್ನ ಕಿವಿ ಮೇಲೆ ಹೂವ ಇಟ್ಟಿದ್ದ, ದರಿದ್ರದವನು. ಹುಡುಗೀರ ಮುಂದೆ ನನ್ನ ಮಾನ ಹೋಯ್ತು, ಇಬ್ಬರು ಖಾಲಿ ಮಾಡಿಕೊಂಡೂ ಹೋದ್ರು.

ಆದ್ರೂ ಸ್ಯಾಂಪಲ್ ಕಳಿಸಿ ಅಂದೆ, ಫುಡ್ ಲೈಸೆನ್ಸ್ ಇದೆಯಾ ಅಂತಾನೂ ಕೇಳಿದೆ. ಎರಡು ನಿಮಿಷಕ್ಕೆ ರಿಜಿಸ್ಟ್ರೇಷನ್ ಕಾಗದದ ಫೋಟೋ ಬಂತು, ಹೆಂಗಸಿನ ಹೆಸರಲ್ಲಿತ್ತು. ಇಷ್ಟು ಬೇಗ ಕಳಿಸಿದ್ರಲ್ಲ, ಪಳಗಿದ ಕೈ ಅಂದುಕೊಂಡೆ.

ಸಂಜೆ ಆಟೋದವರ ಕೈಲಿ ಸ್ಟೀಲ್ ಡಬ್ಬಿ ಬಂತು. ಒಳಗೆ ಹತ್ತಿ ಬಟ್ಟೆ ಸುತ್ತಿದ ಹತ್ತು ಚಪಾತಿ. ಮೆತ್ತಗಿದ್ವು, ಘಮ ಅಂತಿದ್ವು, ಮೇಲೆ ಕಂದು ಚುಕ್ಕೆ. ಅಡುಗೆಯವರು ಒಂದು ಹರಿದು ಬಾಯಿಗಿಟ್ಟುಕೊಂಡು, “ಸಖತ್ತಾಗಿದೆ ಮೇಡಂ” ಅಂದ್ರು. ನಾನು ಹತ್ತನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಒಂದರ ಅಂಚೂ ಆಚೆ ಬರಲಿಲ್ಲ. ಊಟದ ತಟ್ಟೆ ತಂದು ಅಳತೆ ಹಿಡಿದೆ. ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ. ಕೈಯಲ್ಲಿ ಲಟ್ಟಿಸಿದ ಚಪಾತಿ ಹೀಗಿರುತ್ತಾ? ಮೂವತ್ತು ವರ್ಷದಿಂದ ನಾನೂ ಲಟ್ಟಿಸ್ತಿದೀನಿ, ಇವತ್ತಿಗೂ ಒಂದು ಇನ್ನೊಂದರ ಥರ ಬಂದಿಲ್ಲ.

ಸಿಕ್ಕಿಬಿದ್ದಳು ಅಂದುಕೊಂಡೆ. ಜೆಪಿ ನಗರದವರೆಗಿನ ಪಿಜಿ ಮಾಲೀಕರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಚಪಾತಿಯ ಫೋಟೋ ತೆಗೆದು, ಆಕೆಯ ನಂಬರಿನ ಸಮೇತ ಅಲ್ಲಿ ಹಾಕಿದೆ. “ಈ ನಂಬರಿಂದ ಮೆಸೇಜ್ ಬಂದ್ರೆ ಹುಷಾರ್. ಮೆಷಿನ್ ಚಪಾತಿ. ಮನೇದು ಅಂತ ಸುಳ್ಳು ಹೇಳ್ತಾರೆ.” ಹೆಬ್ಬೆಟ್ಟುಗಳು ಸಾಲಾಗಿ ಬಂದ್ವು. ನಾಲ್ಕು ಜನಕ್ಕೆ ಉಪಕಾರ ಮಾಡಿದೆ ಅಂತ ಅವತ್ತು ನನಗೆ ಹೆಮ್ಮೆ ಬೇರೆ.

ಮಾರನೇ ದಿನ ಆಕೆ, “ಹೇಗಿತ್ತು ಮೇಡಂ?” ಅಂತ ಕೇಳಿದಳು. ನಿಮ್ಮ ಅಡುಗೆಮನೆ ನೋಡಬೇಕಲ್ಲ ಅಂದೆ. ಯಾವಾಗ ಬೇಕಾದ್ರೂ ಬನ್ನಿ ಅಂತ ಲೊಕೇಶನ್ನೇ ಕಳಿಸಿಬಿಟ್ಟಳು. ಬರ್ತೀನಿ ಅಂತ ಹೇಳದೆ ನಾಲ್ಕು ಗಂಟೆಗೆ ಆಟೋ ಹತ್ತಿದೆ. ಮೆಷಿನ್ನಿನ ಪಕ್ಕದಲ್ಲೇ ನಿಲ್ಲಿಸಿ ಮುಖಕ್ಕೆ ಹೊಡೆದ ಹಾಗೆ ಕೇಳಬೇಕು ಅನ್ನೋ ಉರಿ ನನಗೆ.

ಇಕ್ಕಟ್ಟಾದ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಹಣೆ ತುಂಬ ವಿಭೂತಿ ಇಟ್ಟುಕೊಂಡ ನಲವತ್ತರ ಹೆಂಗಸು ಲಟ್ಟಣಿಗೆ ಹಿಡಿದೇ ಎದ್ದು ಬಂದಳು. ನಾನು ಯಾರು ಅಂತ ಹೇಳಿದ್ದೇ, “ಅಯ್ಯ, ನೀವೇನ್ರಿ ಅಕ್ಕಾರ? ಒಳಗ ಬರ್ರಿ” ಅಂದಳು. ಮಾತು ಕೇಳಿದ್ರೇ ಹುಬ್ಬಳ್ಳಿ ಕಡೆಯವಳು ಅಂತ ಗೊತ್ತಾಯ್ತು. ನಾನು ಚಪ್ಪಲಿ ಬಿಡುತ್ತಾನೇ ಮೂಲೆ ಮೂಲೆ ಕಣ್ಣಾಡಿಸಿದೆ. ಎರಡು ಒಲೆ, ಎರಡು ಕಬ್ಬಿಣದ ಹಂಚು, ಒದ್ದೆ ಬಟ್ಟೆ ಮುಚ್ಚಿದ ದೊಡ್ಡ ಬೋಗುಣಿ ತುಂಬ ಹಿಟ್ಟು. ಮೆಷಿನ್ ಎಲ್ಲೂ ಇಲ್ಲ.

ಆಕೆ ಮತ್ತೆ ಮಣೆ ಮುಂದೆ ಕೂತಳು. ಉಂಡೆ ತಗೊಂಡು ಲಟ್ಟಿಸಿದಳು. ಆಮೇಲೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಅದರ ಮೇಲೆ ಬೋರಲು ಹಾಕಿ ಒತ್ತಿ ತಿರುಗಿಸಿ, ಆಚೆ ಉಳಿದ ಅಂಚನ್ನು ಸುತ್ತ ಬಿಡಿಸಿ ಬಟ್ಟಲಿಗೆ ಹಾಕಿದಳು. ಚಪಾತಿ ಹಂಚಿಗೆ ಹೋಯ್ತು. ನಾನು ನೋಡುತ್ತಾ ನಿಂತುಬಿಟ್ಟೆ.

“ಯಾಕಮ್ಮ ಹಾಗೆ ಕತ್ತರಿಸ್ತೀರ?”

“ಮದಲ್ನೇ ಸಲ ಒಂದು ಮೆಸ್ಸಿಗೆ ಕೊಟ್ಟಿದ್ದೆ ನೋಡ್ರಿ. ಸೊಟ್ಟಂಬಟ್ಟ ಅದಾವು, ಮನ್ಯಾಗಿನ ಚಪಾತಿ ಇದ್ದಂಗ ಅದಾವು ಅಂತ ಹೊಳ್ಳಿ ಕಳಿಸಿದ್ರು. ಅವತ್ತಿಂದ ಮುಚ್ಚಳ ಹಿಡದೀನ್ರಿ.” ಬಟ್ಟಲಿನ ಕಡೆ ತೋರಿಸಿ, “ಈ ತುಂಡು ಮತ್ತ ನಾದಿದ್ರ ಬಿರುಸ್ ಆಕ್ಕಾವ್ರಿ. ಅವನ್ನ ನಾವ ತಿಂತೀವಿ” ಅಂದಳು.

ಆದ್ರೂ ಹಾಳು ಬುದ್ಧಿ ನೋಡಿ, ಇಷ್ಟು ಹಿಟ್ಟು ಯಾರಿಗೆ ಅಂತ ಕೇಳಿದೆ.

“ಜೆಪಿ ನಗರದಾಗ ಒಂದು ಪಿಜಿ ಇವತ್ತಿಂದ ಶುರು ಮಾಡ್ರಿ ಅಂದಿತ್ರಿ. ಅದನ್ನ ನಂಬಿ ಎರಡು ಮನಿ ಅಡಿಗಿ ಕೆಲಸ ಬಿಟ್ಟೆ. ಹಿಟ್ಟು ನಾದಿ ಇಟ್ಟ ಮ್ಯಾಲೆ, ಮೂರು ಗಂಟೆಗೆ, ಬ್ಯಾಡ ಅಂತ ಮೆಸೇಜ್ ಹಾಕ್ಯಾರ. ಫೋನ್ ಮಾಡಿದ್ರ ಎತ್ತವಲ್ರು. ಏನ್ ತಪ್ಪಾತೋ ಗೊತ್ತಿಲ್ರಿ ಅಕ್ಕಾರ. ಬ್ಯಾರೆ ಯಾರರ ತಗೋತಾರೇನೋ ಅಂತ ಬೇಯಿಸಾಕತ್ತೀನಿ.”

ಏನು ತಪ್ಪು ಅಂತ ಗೊತ್ತಿದ್ದವಳು ನಾನೊಬ್ಬಳೇ, ಅಲ್ಲೇ ನಿಂತಿದ್ದೆ. ಅದನ್ನ ಹೇಳೋದು ಬಿಟ್ಟು, “ಇಷ್ಟೂ ಇವತ್ತು ನನಗೇ ಬೇಕು. ಏಳು ಗಂಟೆಗೆ ತನ್ನಿ. ನಾಳೆಯಿಂದ ದಿನಾ” ಅಂದೆ. ಆಕೆ ಎರಡೂ ಹಿಟ್ಟಿನ ಕೈ ಜೋಡಿಸಿದಳು. ಅದನ್ನ ನೋಡೋಕಾಗದೆ ಇಳಿದು ಬಂದೆ.

ಆಟೋದಲ್ಲೇ ಗ್ರೂಪಿಗೆ ಬರೆದೆ. ನನ್ನದೇ ತಪ್ಪು, ಕಣ್ಣಾರೆ ನೋಡಿ ಬಂದೆ, ಕೈಯಲ್ಲೇ ಮಾಡ್ತಾರೆ, ದಯವಿಟ್ಟು ತಗೊಳ್ಳಿ ಅಂತ. ಈ ಸಲ ಹೆಬ್ಬೆಟ್ಟು ಬರಲಿಲ್ಲ. “ಕಮಿಷನ್ ಎಷ್ಟು ಮೇಡಂ?” ಅಂತ ಒಬ್ಬರು. “ನಿನ್ನೆ ಮೆಷಿನ್ನು, ಇವತ್ತು ಕೈ?” ಅಂತ ಇನ್ನೊಬ್ಬರು, ಜೊತೆಗೆ ನಗುವ ಮುಖ. ಜೆಪಿ ನಗರದವರು, “ಬೇರೆಯವರನ್ನ ನೋಡ್ಕೊಂಡ್ವಿ” ಅಂದ್ರು. ನಾನು ಕಲಿಸಿದ ಅನುಮಾನ ನನ್ನ ಮೇಲೇ ತಿರುಗಿತು.

ಏಳಕ್ಕೆ ಸರಿಯಾಗಿ ಆಕೆ ಎರಡು ಹಾಟ್‌ಬಾಕ್ಸ್ ಹಿಡಿದು ಬಂದಳು. ಗೇಟಿನ ಹತ್ತಿರಾನೇ ನಿಲ್ಲಿಸಿ ಎಲ್ಲ ಹೇಳಿದೆ. ಫೋಟೋ, ನಂಬರ್, ಹುಷಾರ್ ಅಂದಿದ್ದು, ಒಂದೂ ಬಿಡದೆ. ಬೈತಾಳೆ ಅಂದುಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು. ಆಕೆ ಹಾಟ್‌ಬಾಕ್ಸ್ ಎರಡನ್ನೂ ಕೆಳಗಿಟ್ಟು, “ನಾಳಿಂದ ದುಂಡಗ ಮಾಡ್ಲೋ, ಹೆಂಗ್ ಬರ್ತಾವೋ ಹಂಗ ಮಾಡ್ಲೋ?” ಅಂತ ಕೇಳಿದಳು.

“ಹೇಗೆ ಬರುತ್ತೋ ಹಾಗೆ ಮಾಡಮ್ಮ” ಅಂದೆ.

ಈಗ ಎಂಟು ತಿಂಗಳಾಯ್ತು. ಒಂದಕ್ಕೆ ಕೋನ, ಇನ್ನೊಂದಕ್ಕೆ ಬಾಲ, ಹುಡುಗೀರು ನಗುತ್ತಾ ತಿಂತಾರೆ. ಆದ್ರೆ ಅವತ್ತಿನ ಮಾರನೇ ದಿನದಿಂದ ದಿನಾ ಸಂಜೆ ನಾಲ್ಕೂವರೆಗೆ ನನ್ನ ಫೋನಿಗೆ ಒಂದು ವಿಡಿಯೋ ಬರುತ್ತೆ. ಹಿಟ್ಟಿನ ಚೀಲ, ನಾದೋ ಕೈ, ಮಣೆ, ಹಂಚು, ಕೊನೆಗೆ ಯಾವ ಮೆಷಿನ್ನೂ ಇಲ್ಲ ಅನ್ನೋ ಹಾಗೆ ನಾಲ್ಕೂ ಗೋಡೆ. ನಾನು ಕೇಳಿದ್ದಲ್ಲ. ಬೇಡಮ್ಮ, ನಂಗೆ ನಂಬಿಕೆ ಇದೆ ಅಂತ ಎಷ್ಟು ಸಲ ಹೇಳಿದೀನೋ. “ಇರ್ಲಿ ಬಿಡ್ರಿ ಅಕ್ಕಾರ” ಅಂತಾಳೆ, ಮಾರನೇ ದಿನ ಮತ್ತೆ ಕಳಿಸ್ತಾಳೆ.