ರೌಟರಿಗೆ ಹೂಡಿದ ಹಾಸು

ಮೊಮ್ಮಗಳು ನರ್ಸಿಂಗ್ ಸೀಟಿಗೆ ಕಾಲೇಜು ಆರಿಸಿ ಒತ್ತಲು ಅಂದು ಸಂಜೆ ಐದು ಗಂಟೆಯೇ ಕೊನೆ. ತಪ್ಪಿದರೆ ಒಂದು ವರ್ಷ ಮನೆಯಲ್ಲಿ. ನಾಲ್ಕು ದಾಟಿದರೂ ಸರಕಾರಿ ಸೈಟು ತೆರೆಯಲಿಲ್ಲ. ಬಿಳಿ ಪರದೆ, ನಡುವೆ ತಿರುಗುವ ಚಕ್ರ, ಅಷ್ಟೆ. ಹುಡುಗಿ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು.

ಬೆಟಗೇರಿಯ ನಮ್ಮ ಮನೆಯಲ್ಲಿ ಹೊರಕೋಣೆ ಮಗನ ಮಗ್ಗಕ್ಕೆ, ಒಳಕೋಣೆ ಸೊಸೆಯ ಲ್ಯಾಪ್‌ಟಾಪಿಗೆ. ಅವಳು ಹೊರದೇಶದ ಬಟ್ಟೆ ಅಂಗಡಿಯೊಂದಕ್ಕೆ ಫೋಟೋ ತಿದ್ದಿ ಕಳಿಸುತ್ತಾಳೆ. ವಿಪಿಎನ್ ಹಾಕಿಕೊಂಡು ಅವರ ದೇಶದ ವಿಳಾಸದಿಂದ ಹೋದರೆ ಮಾತ್ರ ಅವರ ಸೈಟು ತೆರೆಯುತ್ತದೆ. ಮೊದಲು ಅದು ಲ್ಯಾಪ್‌ಟಾಪಿನಲ್ಲೇ ಇತ್ತು. ಆನ್ ಮಾಡಲು ಮರೆತು, ಫೋಟೋ ಹೋಗದೆ ಎರಡು ಸಲ ಅವರಿಂದ ಬೈಸಿಕೊಂಡಳು. ಮಗ ನೇಕಾರನ ಬುದ್ಧಿ ಓಡಿಸಿದ. ಮಗ್ಗಕ್ಕೆ ಹಾಸಿನ ಉದ್ದ ನೂಲು ಒಮ್ಮೆ ಹೂಡಿದರೆ ಸೀರೆ ಮುಗಿಯುವವರೆಗೆ ಮತ್ತೆ ಚಿಂತೆಯಿಲ್ಲವಲ್ಲ. ಹಾಗೇ ವಿಪಿಎನ್ ಅನ್ನು ರೌಟರಿಗೇ ಹಾಕಿಬಿಟ್ಟ. ಮರೆಯುವ ಮಾತೇ ಉಳಿಯಲಿಲ್ಲ. ಆದರೆ ಟಿವಿ, ಎಲ್ಲರ ಫೋನು, ಮನೆಗೆ ಮನೆಯೇ ಹೊರದೇಶ ಸುತ್ತಿ ಬರತೊಡಗಿತು. ಪುಟ್ಟ ರೌಟರಿಗೆ ಅಷ್ಟು ಭಾರ ಹೊರಲಾಗದೆ ಫೋನಿನಲ್ಲಿ ನಾನು ನೋಡುವ ಧಾರಾವಾಹಿ ಹೆಜ್ಜೆಗೊಮ್ಮೆ ನಿಲ್ಲತೊಡಗಿತು. ಮನೆಯ ವೈಫೈ ಸಾಕೆಂದು ನಾವು ಹೆಂಗಸರು ಯಾರೂ ಫೋನಿಗೆ ಡೇಟಾ ಪ್ಯಾಕ್ ಹಾಕಿಸುತ್ತಿರಲಿಲ್ಲ. ನಾನು ಯಾರಿಗೂ ಹೇಳದೆ ಒಂದು ಹಾಕಿಸಿಕೊಂಡು ನನ್ನ ಫೋನಿನಲ್ಲಿ ವೈಫೈ ಆರಿಸಿಟ್ಟೆ.

ಆ ಸಂಜೆ ಸೈಟು ತೆರೆಯಲು ಸೊಸೆಯೂ ಮೂರು ಬಾರಿ ಪ್ರಯತ್ನಿಸಿದಳು. ಮೊಮ್ಮಗಳು ನೆಟ್ ಸೆಂಟರಿಗೆ ಓಡಿ, ಬಾಗಿಲು ಹಾಕಿದ್ದನ್ನು ಕಂಡು ಬಂದಳು. ಸೀರೆ ಕೊಡಲು ಮುಂಡರಗಿಗೆ ಹೋಗಿದ್ದ ಮಗನಿಗೆ ಫೋನು ಹಚ್ಚಿದೆವು. ಅವನು ಅಲ್ಲಿಂದಲೇ ತೆರೆದು ನೋಡಿದ.

"ನನಗ ಇಲ್ಲಿ ತೆರಿತೈತಲ್ಲ ಅವ್ವಾ," ಎಂದ. ಆಮೇಲೆ ದನಿ ಇಳಿಸಿ, "ಆ ಸೈಟು ಹೊರದೇಶದವ್ರಿಗೆ ತೆರೆಯೂದಿಲ್ಲ ಅನ್ಸತೈತಿ. ನಮ್ಮ ರೌಟರ್ ನಮ್ಮನ್ನ ಅಲ್ಲಿಯವ್ರನ್ನಾಗಿ ಮಾಡೇತಿ. ಅದರಾಗಿನ ವಿಪಿಎನ್ ತಗೀಬೇಕು," ಎಂದ.

ಸೊಸೆಯ ವಾರದ ಕೆಲಸವೆಲ್ಲ ಆಗ ಅದೇ ದಾರಿಯಲ್ಲಿ ಹೋಗುತ್ತಿತ್ತು. ನಡುವೆ ಕಡಿದರೆ ಮತ್ತೆ ಮೊದಲಿನಿಂದ ಕಳಿಸಬೇಕು, ಅವಳ ಗಡುವೂ ಅಂದೇ. ಮಗಳ ಮುಖ ನೋಡಿದಳು, ಪರದೆ ನೋಡಿದಳು. ಆಮೇಲೆ ಎದ್ದು ರೌಟರಿನತ್ತ ಹೊರಟಳು.

"ಕುಂಡ್ರಲೇ," ಎಂದೆ. "ಅದನ್ನ ಮುಟ್ಟಬ್ಯಾಡ. ನನ್ನ ಫೋನು ಈ ವೈಫೈನ್ಯಾಗ ಇಲ್ಲ."

"ಆಯಿ, ನಿನಗ ಡೇಟಾ ಎಲ್ಲಿಂದ ಬಂತು?" ಎಂದು ಮೊಮ್ಮಗಳು ಕೇಳಿದಳು.

"ಧಾರಾವಾಹಿ ನೋಡಾಕ. ಈಗ ಕೇಳೂ ಹೊತ್ತಲ್ಲ, ತಗೋ."

ಡೇಟಾ ಸಿಗ್ನಲ್ ಅಂಗಳದ ಕಟ್ಟೆಯ ಮೇಲೆ ಮಾತ್ರ, ಅಲ್ಲಿಗೇ ಓಡಿದೆವು. ಸೈಟು ತೆರೆಯಿತು. ಓಟಿಪಿ ಮೊಮ್ಮಗಳ ಫೋನಿಗೆ ಬಂದಿತು. ನಾನು ಓದಿ ಹೇಳಿದೆ, ಅವಳು ಒತ್ತಿದಳು. ಗದಗಿನ ಕಾಲೇಜು ಮೊದಲು, ಹುಬ್ಬಳ್ಳಿಯದು ಆಮೇಲೆ. ಮೂರನೆಯದನ್ನು ಹುಡುಕುವಷ್ಟು ಹೊತ್ತಿರಲಿಲ್ಲ. ಎರಡನ್ನೇ ಕಳಿಸಿದಳು. 'ಉಳಿಸಲಾಗಿದೆ' ಎಂದು ಬಂದಾಗಲೂ ನಮಗೆ ನಂಬಿಕೆ ಬರಲಿಲ್ಲ. ಪುಟ ಮುಚ್ಚಿ ಮತ್ತೆ ತೆರೆದು, ಎರಡೂ ಹೆಸರು ಕಂಡ ಮೇಲೆ ಹುಡುಗಿ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು.

ಮಗ ಬಂದು ವಿಪಿಎನ್ ಅನ್ನು ಮತ್ತೆ ಲ್ಯಾಪ್‌ಟಾಪಿಗೇ ಹಾಕಿದ. ಸೊಸೆಯ ಮರೆವೂ ಅದರ ಹಿಂದೆಯೇ ಬಂತು. ಈಗ ಬೆಳಗ್ಗೆ ಚಹಾ ಕೊಡುವ ಮೊದಲು ನಾನು ಅವಳಿಗೆ ಕೇಳುತ್ತೇನೆ: ವಿಪಿಎನ್ ಹಾಕೀಯೇನ?